ಮೋಟಾರು ಗಾಡಿಯ ಬ್ಯಾಟರಿ ರಾತ್ರೋರಾತ್ರಿ ಬರಿದಾಗುವುದೇಕೆ?

ಎತ್ತಿನ ಗಾಡಿಯನ್ನು ಕಟ್ಟಿ ನಿಲ್ಲಿಸಿದರೂ ಎತ್ತು ಮೇವು ತಿನ್ನುವುದನ್ನು ಬಿಡುವುದಿಲ್ಲ. ನಮ್ಮ ಹಿರಿಯರಿಗೆಲ್ಲ ಗೊತ್ತಿದ್ದ ಈ ಸಣ್ಣ ಸತ್ಯವನ್ನು ಮೋಟಾರು ಗಾಡಿಯ ವಿಷಯದಲ್ಲಿ ನಾವು ಮರೆತಿದ್ದೇವೆ. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಬಾಗಿಲು ಹಾಕಿದ ಮೇಲೆ ಗಾಡಿಯು ಏನನ್ನೂ ಖರ್ಚು ಮಾಡುವುದಿಲ್ಲವೆಂದು ಬಹುಮಂದಿ ನಂಬಿರುತ್ತಾರೆ. ವಾಸ್ತವದಲ್ಲಿ ಇಂದಿನ ಯಾವ ಕಾರೂ ಪೂರ್ತಿಯಾಗಿ ನಿದ್ರಿಸುವುದಿಲ್ಲ. ಗಡಿಯಾರ ನಡೆಯುತ್ತಿರಬೇಕು, ದೂರದಿಂದ ಬೀಗ ತೆರೆಯುವ ಗುಂಡಿಯನ್ನು ಒತ್ತಿದರೆ ಕೇಳಿಸಿಕೊಳ್ಳಲು ಒಂದು ಯಂತ್ರ ಕಾದಿರಬೇಕು. ಇದಕ್ಕೆಲ್ಲ ಬ್ಯಾಟರಿಯಿಂದ ಯತ್ಕಿಂಚಿತ್ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಈ ಹರಿವು ಎಲ್ಲಿಯವರೆಗೆ ಸಹಜ, ಎಲ್ಲಿಂದ ಮುಂದೆ ದೋಷ, ಅಂಗಡಿಯಲ್ಲಿ ಕೂಡಿಸಿದ ಸ್ಟೀರಿಯೊ ಮತ್ತು ಅಲಾರಂಗಳು ಈ ಎಲ್ಲೆಯನ್ನು ಹೇಗೆ ಮೀರುತ್ತವೆ ಎಂಬುದೇ ಪ್ರಕೃತ ಲೇಖನದ ವಿಷಯ.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ಮಿತ್ರರು ಕೇಳಬಹುದು. ಓದಿನ ಖರ್ಚಿಗೆಂದು ರಜೆಯ ದಿನಗಳಲ್ಲಿ ನಾನು ಹುಣಸೂರಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಕೆಲಸಕ್ಕೆ ಹೋಗುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಗಾಡಿಗಳು ಅಲ್ಲಿಗೆ ಬರುತ್ತವೆ. ಅವುಗಳಲ್ಲಿ ಅನೇಕವು ಬೇರೊಬ್ಬರು ಓಡಿಸಿ ಮಾರಿದ ಗಾಡಿಗಳು. ಕೊಂಡವರು ಮೊದಲು ಮಾಡಿಸುವ ಅಲಂಕಾರವೆಂದರೆ ಹಾಡಿನ ಸೆಟ್ಟು ಮತ್ತು ಅಲಾರಂ. ಅದಾದ ಕೆಲವು ತಿಂಗಳಿಗೆ “ಬೆಳಿಗ್ಗೆ ಸೆಲ್ಫ್ ಹೊಡೀತಿಲ್ಲ” ಎಂಬ ದೂರು. ಈ ದೂರಿನ ಹಿಂದಿನ ಕಾರಣವನ್ನು ಕಣ್ಣಾರೆ ಕಂಡು, ಮೇಸ್ತ್ರಿಯವರಿಂದ ಕೇಳಿ ತಿಳಿದುದನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಬ್ಯಾಟರಿಯೆಂಬ ಕಣಜ

ಸೀಸ ಮತ್ತು ಆಮ್ಲಗಳ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿ ರಚಿಸಿದನು. ಅನೇಕ ಸುಧಾರಣೆಗಳಾಗಿದ್ದರೂ ನಮ್ಮ ಕಾರುಗಳಲ್ಲಿರುವುದು ಮೂಲತಃ ಅದೇ ವಸ್ತು. ಸಣ್ಣ ಪೆಟ್ರೋಲ್ ಕಾರೊಂದರ ಬ್ಯಾಟರಿಯ ಮೇಲೆ 35 ಆಂಪಿಯರ್-ಗಂಟೆ ಎಂದು ಬರೆದಿರುತ್ತದೆ. ಕಣಜದಲ್ಲಿ ಇಷ್ಟು ಪಲ್ಲ ಭತ್ತವಿದೆ ಎಂದಂತೆಯೇ ಇದು. ಗಂಟೆಗೆ 1 ಆಂಪಿಯರಿನಂತೆ ತೆಗೆದರೆ ಸುಮಾರು 35 ಗಂಟೆ, ಅರ್ಧ ಆಂಪಿಯರಿನಂತೆ ತೆಗೆದರೆ ಸುಮಾರು 70 ಗಂಟೆ ಬಾಳಿಕೆ. ಎಷ್ಟು ಆಂಪಿಯರ್ ಹರಿಯಿತು, ಎಷ್ಟು ಗಂಟೆ ಹರಿಯಿತು, ಇವೆರಡನ್ನು ಗುಣಿಸಿದರೆ ಖರ್ಚು ಸಿಕ್ಕುತ್ತದೆ. ಈ ಲೇಖನಕ್ಕೆ ಬೇಕಾದ ಗಣಿತವೆಲ್ಲ ಇಷ್ಟೇ.

ಆದರೆ ಕಣಜದ ಉಪಮೆ ಒಂದು ಕಡೆ ಸೋಲುತ್ತದೆ. ಕಣಜದ ಕೊನೆಯ ಸೇರನ್ನೂ ಬಳಸಬಹುದು. ಬ್ಯಾಟರಿಯ ಕೊನೆಯ ಭಾಗದಿಂದ ಎಂಜಿನ್ ಹೊರಳದು. ಸೆಲ್ಫ್ ಮೋಟಾರು ತಿರುಗುವ ಒಂದೆರಡು ಕ್ಷಣಗಳಲ್ಲಿ ನೂರಕ್ಕೂ ಹೆಚ್ಚು ಆಂಪಿಯರುಗಳನ್ನು ಒಮ್ಮೆಗೇ ಎಳೆಯುತ್ತದೆ. ಬ್ಯಾಟರಿಯಲ್ಲಿ ಸಾಕಷ್ಟು ಉಳಿದಿಲ್ಲದಿದ್ದರೆ ಅದರ ವೋಲ್ಟೇಜು ಆ ಹೊರೆಗೆ ಕುಸಿದು ‘ಕಟ ಕಟ’ ಎಂಬ ಸದ್ದಷ್ಟೇ ಬರುತ್ತದೆ. ವಿಶ್ರಾಂತಿಯಲ್ಲಿರುವ ಬ್ಯಾಟರಿ ತುಂಬಿದ್ದರೆ ಮೀಟರು ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅರ್ಧಕ್ಕೆ ಇಳಿದಾಗ ಸುಮಾರು 12.2, 12ರ ಕೆಳಗೆ ಹೋದರೆ ಬಹುತೇಕ ಬರಿದೆಂದೇ ತಿಳಿಯಬೇಕು.

ಇನ್ನೊಂದು ಸ್ವಭಾವವೂ ಉಂಟು. ಬ್ಯಾಟರಿ ಬರಿದಾದಂತೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಬೇಗನೆ ಮತ್ತೆ ತುಂಬಿದರೆ ಅದು ಕರಗಿ ಹೋಗುತ್ತದೆ. ಬರಿದಾದ ಸ್ಥಿತಿಯಲ್ಲಿಯೇ ಬಿಟ್ಟರೆ ಗಟ್ಟಿಹರಳುಗಳಾಗಿ ಕುಳಿತು, ಮುಂದೆ ಎಷ್ಟು ತುಂಬಿದರೂ ಆ ಭಾಗ ಕೆಲಸಕ್ಕೆ ಬಾರದು. ಅಂದರೆ ಕಣಜವೇ ಕಿರಿದಾಗುತ್ತದೆ. ಆದಕಾರಣ ಸೋರಿಕೆಯುಳ್ಳ ಗಾಡಿಯಲ್ಲಿ ಹೊಸ ಬ್ಯಾಟರಿ ಮೊದಮೊದಲು ಎರಡು ದಿನ ನಿಂತರೆ ಮಾತ್ರ ಕೈಕೊಡುತ್ತದೆ. ಕೆಲವು ತಿಂಗಳ ಬಳಿಕ ಒಂದೇ ರಾತ್ರಿಗೆ ಕೈಕೊಡುತ್ತದೆ. ಜನರು ಬ್ಯಾಟರಿಯನ್ನೇ ಬೈದು ಇನ್ನೊಂದನ್ನು ಕೊಳ್ಳುತ್ತಾರೆ. ಸೋರಿಕೆ ಹಾಗೆಯೇ ಉಳಿದು, ಹೊಸದಕ್ಕೂ ಅದೇ ಗತಿಯಾಗುತ್ತದೆ.

ಹಳದಿ ತಂತಿ, ಕೆಂಪು ತಂತಿ

ಹಿಂದಿನ ಕಾಲದ ಕಾರು ರೇಡಿಯೋಗಳಲ್ಲಿ ಮುಳ್ಳನ್ನು ತಿರುಗಿಸಿ ಕೇಂದ್ರವನ್ನು ಹಿಡಿಯುತ್ತಿದ್ದರು. ಆ ಮುಳ್ಳು ತಾನಿದ್ದಲ್ಲಿಯೇ ನಿಂತಿರುತ್ತಿತ್ತಾದ್ದರಿಂದ ರೇಡಿಯೋಗೆ ಏನನ್ನೂ ನೆನಪಿಡುವ ಕೆಲಸವಿರಲಿಲ್ಲ. ವಿದ್ಯುತ್ತು ತರಲು ಒಂದೇ ತಂತಿ ಸಾಕಾಗುತ್ತಿತ್ತು. ಅಂಕಿಗಳಲ್ಲಿ ಕೇಂದ್ರವನ್ನು ತೋರಿಸುವ ಸೆಟ್ಟುಗಳು ಬಂದ ಮೇಲೆ ಗಡಿಯಾರವನ್ನೂ ಕೇಂದ್ರಗಳನ್ನೂ ನೆನಪಿಡುವುದು ಅಗತ್ಯವಾಯಿತು. ಅಂದಿನಿಂದ ಸೆಟ್ಟಿಗೆ ಎರಡು ತಂತಿಗಳು.

ಅಂಗಡಿಯಲ್ಲಿ ಮಾರುವ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿಗೆ ಬ್ಯಾಟರಿಯ ವಿದ್ಯುತ್ತು ಸದಾಕಾಲ ಬರುತ್ತಿರಬೇಕು. ಕೆಂಪು ತಂತಿಗೆ ಕೀಯನ್ನು ಮೊದಲ ತಿರುವಿಗೆ ತಿರುಗಿಸಿದಾಗ ಮಾತ್ರ ಬರಬೇಕು. ಕಪ್ಪು ತಂತಿ ಅರ್ತಿಗೆ, ಎಂದರೆ ಗಾಡಿಯ ಲೋಹದ ಮೈಗೆ. ಕೆಂಪು ತಂತಿಯನ್ನು ಮನೆಯ ಯಜಮಾನನ ಧ್ವನಿಯೆಂದು ಭಾವಿಸಬಹುದು. ‘ನಾನು ಬಂದಿದ್ದೇನೆ, ಏಳು’ ಎಂದು ಸೆಟ್ಟಿಗೆ ಹೇಳುವುದು ಅದೇ. ಅದು ಸುಮ್ಮನಾದಾಗ ಸೆಟ್ಟು ಮಲಗುತ್ತದೆ. ಹಾಗೆ ಮಲಗಿರುವಾಗ ಹಳದಿ ತಂತಿಯ ಮೂಲಕ ನೆನಪಿಗಾಗಿ ಹರಿಯುವುದು ಒಂದು ಆಂಪಿಯರಿನ ನೂರನೆಯ ಒಂದು ಭಾಗದಷ್ಟು ಮಾತ್ರ.

ತೊಂದರೆಯ ಮೂಲ ಪ್ಲಗ್ಗಿನಲ್ಲಿದೆ. ಐ.ಎಸ್.ಒ. 10487 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಎಂಟು ಕಾಲುಗಳ ವಿದ್ಯುತ್ ಪ್ಲಗ್ಗಿನಲ್ಲಿ 4ನೆಯ ಕಾಲು ಸದಾ ವಿದ್ಯುತ್ತಿರುವುದು, 7ನೆಯದು ಕೀಗೆ ಅಧೀನವಾದುದು. ಆದರೆ ಕೆಲವು ಕಾರು ತಯಾರಕರು ಇವೆರಡನ್ನು ಅದಲುಬದಲು ಮಾಡಿದ್ದಾರೆ. ಮತ್ತೆ ಕೆಲವರು ಬೇರೆಯದೇ ಪ್ಲಗ್ಗನ್ನು ಇಟ್ಟಿದ್ದಾರೆ. ಹೀಗೆ ಅದಲುಬದಲಾದ ಗಾಡಿಗೆ ಸೆಟ್ಟನ್ನು ಚುಚ್ಚಿದರೆ ಹಾಡು ಬರುತ್ತದೆ, ಆದರೆ ಕೀ ತೆಗೆದೊಡನೆ ಗಡಿಯಾರವೂ ಕೇಂದ್ರಗಳೂ ಅಳಿಸಿಹೋಗುತ್ತವೆ. ಗಿರಾಕಿ ಮರುದಿನ ಬಂದು ಗೊಣಗುತ್ತಾನೆ. ಕೂಡಿಸಿದವನು ಎರಡು ತಂತಿಗಳ ಜಾಗವನ್ನು ಬದಲಿಸಿದ್ದರೆ ಸಾಕಿತ್ತು. ಅದರ ಬದಲು ಹಳದಿ, ಕೆಂಪು ಎರಡನ್ನೂ ಸುಲಿದು, ಒಟ್ಟಿಗೆ ಹೊಸೆದು, ಸದಾ ವಿದ್ಯುತ್ತಿರುವ ತಂತಿಗೆ ಸೇರಿಸಿ ಟೇಪು ಸುತ್ತಿಬಿಡುತ್ತಾನೆ. ಗಡಿಯಾರ ಅಳಿಸುವುದಿಲ್ಲ, ಕೀ ಇಲ್ಲದೆಯೂ ಹಾಡು ಕೇಳಬಹುದು. ಗಿರಾಕಿಗೆ ಸಂತೋಷವೇ ಆಗುತ್ತದೆ. ಆದರೆ ಯಜಮಾನನ ಧ್ವನಿ ಈಗ ಹಗಲೂ ರಾತ್ರಿ ಕೇಳಿಸುತ್ತಿದೆ. ಗುಂಡಿಯೊತ್ತಿ ಪರದೆಯನ್ನು ಕಪ್ಪಾಗಿಸಿದರೂ ಸೆಟ್ಟಿನ ಒಳಭಾಗ ಎಚ್ಚರವಾಗಿಯೇ ಇರುತ್ತದೆ. ದೊಡ್ಡ ಪರದೆಯ ಈಚಿನ ಸೆಟ್ಟುಗಳು ಸ್ವಭಾವತಃ ಒಂದು ಸಣ್ಣ ಕಂಪ್ಯೂಟರೇ ಆಗಿರುವುದರಿಂದ, ಇಂಥ ಸೆಟ್ಟು ಕತ್ತಲಲ್ಲಿ ಕುಳಿತೇ ಅರ್ಧ ಆಂಪಿಯರನ್ನು ತಿನ್ನಬಲ್ಲದು.

ಒಂದು ಗಾಡಿಯ ಪರೀಕ್ಷೆ

ಇದನ್ನು ಒಂದು ನಿಜಪ್ರಸಂಗದಿಂದ ವಿವರಿಸುತ್ತೇನೆ. ನನ್ನ ಸೋದರಮಾವನವರದು ಬಾಡಿಗೆಗೆ ಓಡುವ ಒಂದು ಸಣ್ಣ ಪೆಟ್ರೋಲ್ ಕಾರು. ಮೈಸೂರಿನ ಕೆ.ಆರ್. ಆಸ್ಪತ್ರೆಗೆ ರೋಗಿಗಳನ್ನು ಕರೆದೊಯ್ಯುವುದು, ಮದುವೆ ಮನೆಗಳಿಗೆ ಹೋಗುವುದು ಇದರ ಕೆಲಸ. ಓಡಿಸುತ್ತಿದ್ದವನು ಕೋಟೆ ತಾಲ್ಲೂಕಿನ ಒಬ್ಬ ಹುಡುಗ, ನನ್ನ ವಯಸ್ಸಿನವನೇ. ಭಾನುವಾರ ಗಾಡಿಗೆ ರಜೆ. ಸೋಮವಾರ ಬೆಳಿಗ್ಗೆ ಐದಕ್ಕೆ ಹೊರಡಬೇಕೆಂದರೆ ಸೆಲ್ಫ್ ಹೊಡೆಯದು. ಒಂದೆರಡು ಬಾರಿ ತಳ್ಳಿ ಹೊರಡಿಸಿದರು. ಒಮ್ಮೆ ಆಸ್ಪತ್ರೆಗೆ ಹೊರಟಿದ್ದವರು ಕಾದು ಕಾದು ಬೇರೆ ಗಾಡಿ ಹಿಡಿದರು. ಶನಿವಾರ ರಾತ್ರಿ ಹುಡುಗ ದೀಪ ಆರಿಸದೆ ಹೋಗಿರಬೇಕೆಂದು ಮಾವನವರ ತೀರ್ಮಾನ. ಹೊಸ ಬ್ಯಾಟರಿ ಹಾಕಿಸಿ, ಅದರ ನಾಲ್ಕು ಸಾವಿರ ರೂಪಾಯಿಗಳನ್ನು ಅವನ ಸಂಬಳದಲ್ಲಿ ಎರಡು ಕಂತಾಗಿ ಹಿಡಿದರು. ಮೂರು ತಿಂಗಳಿಗೆ ಹೊಸ ಬ್ಯಾಟರಿಯೂ ಅದೇ ಹಾದಿ ಹಿಡಿಯಿತು. ಆಗ ಗಾಡಿ ನಮ್ಮ ಮೇಸ್ತ್ರಿಯವರ ಬಳಿಗೆ ಬಂದಿತು.

ಮೇಸ್ತ್ರಿಯವರು ಮೊದಲು ಮಾಡಿದ್ದು ಡೈನಮೋದ ಪರೀಕ್ಷೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14.1 ವೋಲ್ಟ್ ಇದ್ದಿತು. 13.8ರಿಂದ 14.4ರವರೆಗೆ ಇದ್ದರೆ ಹೆಚ್ಚಿನ ಗಾಡಿಗಳಲ್ಲಿ ಅದು ಸರಿಯೇ. ಅಂದರೆ ಹಗಲಿನಲ್ಲಿ ಕಣಜ ತುಂಬುತ್ತಿದೆ, ನಷ್ಟವಾಗುವುದು ನಿಂತಿರುವಾಗ. ಬಳಿಕ ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿ ಸೋರಿಕೆಯನ್ನು ಅಳೆಯಲು ಕುಳಿತರು.

ಅಳೆಯುವ ಕ್ರಮ ಸರಳವಾದರೂ ಅದರಲ್ಲಿ ಎಡವುವ ಜಾಗಗಳಿವೆ. ಬ್ಯಾಟರಿಯ ಋಣ ತುದಿಯ ಕೇಬಲನ್ನು ಕಳಚಿ, ಆ ಕೇಬಲಿಗೂ ತುದಿಗೂ ನಡುವೆ ಮೀಟರನ್ನು ಸೇತುವೆಯಂತೆ ಇಡಬೇಕು. ಗಾಡಿಗೆ ಹೋಗುವ ವಿದ್ಯುತ್ತೆಲ್ಲ ಆಗ ಮೀಟರಿನ ಮೂಲಕವೇ ಹೋಗುತ್ತದೆ. ಮೀಟರಿನಲ್ಲಿ 10 ಆಂಪಿಯರಿನ ಕಿಂಡಿಯನ್ನೇ ಬಳಸಬೇಕು. ಸಣ್ಣ ಕಿಂಡಿಗೆ ಚುಚ್ಚಿದರೆ ಅದರ ಫ್ಯೂಸ್ ಹೋಗುತ್ತದೆ. ಮೀಟರು ಹೀಗಿರುವಾಗ ಯಾರೂ ಕೀ ತಿರುಗಿಸಬಾರದು. ಸೆಲ್ಫಿನ ನೂರಾರು ಆಂಪಿಯರು ಆ ತೆಳುವಾದ ತಂತಿಗಳಲ್ಲಿ ಹರಿಯಲೆತ್ನಿಸಿ ಮೀಟರನ್ನೇ ಸುಡಬಹುದು. ಬಾಗಿಲು ತೆರೆದಿದ್ದರೆ ಒಳಗಿನ 5 ವಾಟ್ ದೀಪವೇ 0.4 ಆಂಪಿಯರ್ ಎಳೆದು ಲೆಕ್ಕ ಕೆಡಿಸುತ್ತದೆ. ಅದಕ್ಕಾಗಿ ಫ್ಯೂಸ್ ಪೆಟ್ಟಿಗೆಯ ಕಡೆಯ ಬಾಗಿಲನ್ನು ತೆರೆದಿಟ್ಟು, ಅದರ ಬೀಗದ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಮುಚ್ಚಿದೆಯೆಂದು ಗಾಡಿಯನ್ನು ನಂಬಿಸಬೇಕು. ಅಲಾರಂ ಇದ್ದರೆ, ರಾತ್ರಿ ಹೇಗಿರುತ್ತದೋ ಹಾಗೆಯೇ ಅದನ್ನು ಕಾವಲಿಗೆ ಹಾಕಿರಬೇಕು. ಸದ್ದು ತಪ್ಪಿಸಲು ಅದರ ಸೈರನ್ನಿನ ಪ್ಲಗ್ಗನ್ನು ಮಾತ್ರ ತೆಗೆಯಬಹುದು.

ಎಲ್ಲಕ್ಕಿಂತ ಹೆಚ್ಚಾಗಿ, ಕಾಯಬೇಕು. ಬ್ಯಾಟರಿ ಕಳಚಿ ಮತ್ತೆ ಜೋಡಿಸಿದಾಗ ಗಾಡಿಯ ಯಂತ್ರಗಳೆಲ್ಲ ಎಚ್ಚೆತ್ತು ಮೀಟರು ಹಲವು ಆಂಪಿಯರುಗಳನ್ನು ತೋರಿಸುತ್ತದೆ. ಅವು ಒಂದೊಂದಾಗಿ ಮಲಗಲು ಅರ್ಧ ಗಂಟೆ ಹಿಡಿಯಬಹುದು. ಅವಸರದಲ್ಲಿ ಮೊದಲ ಅಂಕಿಯನ್ನೇ ಸೋರಿಕೆಯೆಂದು ತಿಳಿದರೆ, ದೋಷವಿಲ್ಲದ ಗಾಡಿಯಲ್ಲಿಯೂ ದೋಷ ಕಂಡೀತು.

ಅರ್ಧ ಗಂಟೆಯ ನಂತರ ಮಾವನವರ ಕಾರಿನಲ್ಲಿ ಮೀಟರು 0.73 ಆಂಪಿಯರಿಗೆ ಬಂದು ನಿಂತಿತು. ಸಾಮಾನ್ಯವಾಗಿ ಇದು 0.05ರ ಒಳಗೆ ಇರಬೇಕು. ಲೆಕ್ಕ ಹಾಕೋಣ. ವಾರದ ದಿನಗಳಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಐದರವರೆಗೆ 9 ಗಂಟೆ, 0.73ರಂತೆ ಸುಮಾರು 6.6 ಆಂಪಿಯರ್-ಗಂಟೆ ನಷ್ಟ. 35ರಲ್ಲಿ 6.6 ಹೋದರೂ ಗಾಡಿ ಹೊರಡುತ್ತದೆ. ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಡೈನಮೋ ಅದನ್ನು ತುಂಬಿಕೊಡುತ್ತದೆ. ಆದರೆ ಶನಿವಾರ ರಾತ್ರಿ ಎಂಟರಿಂದ ಸೋಮವಾರ ಬೆಳಿಗ್ಗೆ ಐದರವರೆಗೆ 33 ಗಂಟೆ. ನಷ್ಟ 24 ಆಂಪಿಯರ್-ಗಂಟೆ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು! ಸೋಮವಾರವೇ ಗಾಡಿ ಮುಷ್ಕರ ಹೂಡುತ್ತಿದ್ದುದರ ಗುಟ್ಟು ಇದೇ. ಬರಬರುತ್ತ ಬ್ಯಾಟರಿ ಕಿರಿದಾಗಿ, ಕೊನೆಕೊನೆಗೆ ಮಂಗಳವಾರ ಬುಧವಾರಗಳಂದೂ ತೊಂದರೆಯಾಗತೊಡಗಿತ್ತು.

ಕಳ್ಳನಿದ್ದಾನೆಂದು ತಿಳಿಯಿತು, ಯಾರೆಂದು ತಿಳಿಯಬೇಕು. ಮೇಸ್ತ್ರಿಯವರು ಮೀಟರಿನ ಮೇಲೆ ಕಣ್ಣಿಟ್ಟರು. ನಾನು ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ, ಅಂಕಿ ಬದಲಾಗದಿದ್ದರೆ ಮತ್ತೆ ಅಲ್ಲಿಯೇ ಹಾಕುತ್ತ ಹೋದೆ. ಸ್ಟೀರಿಯೊದ 15 ಆಂಪಿಯರ್ ಫ್ಯೂಸನ್ನು ಕಿತ್ತೊಡನೆ 0.73 ಇದ್ದುದು 0.18ಕ್ಕೆ ಇಳಿಯಿತು. ಸೆಟ್ಟೊಂದೇ 0.55 ಆಂಪಿಯರ್ ತಿನ್ನುತ್ತಿತ್ತು. ವಾಟ್ ಲೆಕ್ಕದಲ್ಲಿ ಸುಮಾರು ಆರೂವರೆ. ಮಲಗುವ ಕೋಣೆಯ ಸಣ್ಣ ದೀಪದಷ್ಟು. ಅಷ್ಟು ಸಣ್ಣ ದೀಪವೂ ಎರಡು ರಾತ್ರಿ ಒಂದು ಹಗಲು ಉರಿದರೆ ಕಣಜ ಬರಿದಾಗುತ್ತದೆ. ಸೆಟ್ಟನ್ನು ಹೊರಗೆಳೆದು ನೋಡಿದಾಗ ಹಳದಿ, ಕೆಂಪು ತಂತಿಗಳು ಒಂದೇ ಹೊಸೆತದಲ್ಲಿ, ಒಂದೇ ಟೇಪಿನಡಿಯಲ್ಲಿದ್ದವು.

ಆದರೆ 0.18 ಕೂಡ ಹೆಚ್ಚೇ. ಉಳಿದ ಯಾವ ಫ್ಯೂಸನ್ನು ಕಿತ್ತರೂ ಅದು ಕದಲಲಿಲ್ಲ. ಮೇಸ್ತ್ರಿಯವರು ಬ್ಯಾಟರಿಯ ಧನ ತುದಿಯಿಂದ ಹೊರಟ ಒಂದು ತೆಳು ತಂತಿಯನ್ನು ಬೆರಳಿನಿಂದ ಹಿಡಿದು ಜಾಡು ಹಿಡಿದರು. ಅದು ಅಲಾರಂ ಪೆಟ್ಟಿಗೆಗೆ ಹೋಗುತ್ತಿತ್ತು. ಗಾಡಿಯ ಫ್ಯೂಸ್ ಪೆಟ್ಟಿಗೆಯನ್ನು ಅದು ಹಾಯ್ದೇ ಇರಲಿಲ್ಲ. ಅದನ್ನು ಕಳಚಿದೊಡನೆ ಮೀಟರು 0.03ಕ್ಕೆ ಇಳಿಯಿತು. ಇದೇ ಗಾಡಿಯ ಸಹಜವಾದ ಹಸಿವು.

ಕಾವಲುಗಾರನ ಹಸಿವು

ಅಲಾರಂ ಕದ್ದುದು 0.15 ಆಂಪಿಯರ್. ಕಾವಲು ಕೂರಲು ಇಂಥ ಪೆಟ್ಟಿಗೆಗೆ 0.01 ಸಾಕು. ಮಿಕ್ಕ 0.14 ಎಲ್ಲಿ ಹೋಯಿತು? ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು.

ಕಳ್ಳನು ಗಾಡಿಯನ್ನು ಹೊರಡಿಸದಂತೆ ತಡೆಯಲು ಅಲಾರಂ ಜೊತೆಗೆ ಒಂದು ರಿಲೇ ಇರುತ್ತದೆ. ರಿಲೇ ಎಂದರೆ ಒಂದು ಪುಟ್ಟ ವಿದ್ಯುತ್ಕಾಂತ. ಅದರ ಸುರುಳಿಗೆ ವಿದ್ಯುತ್ತು ಕೊಟ್ಟರೆ ಒಳಗಿನ ನಾಲಿಗೆ ಎಳೆದುಕೊಂಡು, ಸೆಲ್ಫಿಗೆ ಹೋಗುವ ದಾರಿ ಕಡಿಯುತ್ತದೆ. ಆ ಸುರುಳಿಯ ರೋಧ ಸುಮಾರು 90 ಓಮ್, 12.6 ವೋಲ್ಟಿಗೆ ಅದು ಎಳೆಯುವುದು 0.14 ಆಂಪಿಯರ್. ಸುರುಳಿಯ ಒಂದು ತುದಿ, ರಿಲೇಯ ಮೇಲೆ 85 ಎಂದು ಬರೆದಿರುವುದು, ಅಲಾರಂ ಪೆಟ್ಟಿಗೆಗೆ ಹೋಗಬೇಕು. 86 ಎಂದಿರುವ ಇನ್ನೊಂದು ತುದಿ ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ತಂತಿಗೆ ಹೋಗಬೇಕು. ಹಾಗಿದ್ದಲ್ಲಿ ರಾತ್ರಿಯೆಲ್ಲ ಸುರುಳಿ ಸುಮ್ಮನಿರುತ್ತದೆ. ಕಳ್ಳ ಬಂದು ಕೀ ಜಾಗವನ್ನು ತಿರುಗಿಸಿದ ಗಳಿಗೆಯಲ್ಲಿ ಮಾತ್ರ ಎದ್ದು ದಾರಿ ಕಡಿಯುತ್ತದೆ.

ನಮ್ಮ ಗಾಡಿಯಲ್ಲಿ 86ನ್ನು ನೇರವಾಗಿ ಬ್ಯಾಟರಿಗೇ ಸೇರಿಸಿದ್ದರು. ಅಲಾರಂ ಹಾಕಿದ ಕ್ಷಣದಿಂದ ತೆಗೆಯುವ ಕ್ಷಣದವರೆಗೆ ಸುರುಳಿ ಉಸಿರು ಬಿಗಿಹಿಡಿದು ನಿಂತಿರುತ್ತಿತ್ತು. ಕೈಯಿಟ್ಟು ನೋಡಿದರೆ ರಿಲೇ ಉಗುರು ಬೆಚ್ಚಗಿತ್ತು. ನಿಂತ ಗಾಡಿಯಲ್ಲಿ ಬೆಚ್ಚಗಿರುವ ಯಾವ ವಸ್ತುವೂ ಬ್ಯಾಟರಿಯ ಅನ್ನ ತಿನ್ನುತ್ತಿದೆಯೆಂದೇ ಅರ್ಥ. ಮೀಟರಿಲ್ಲದವನಿಗೂ ಎಟಕುವ ಪರೀಕ್ಷೆ ಇದು.

ದೀಪಗಳು ಏನು ಹೇಳುತ್ತವೆ?

ಈ ಗಾಡಿಯಲ್ಲಿ ಇನ್ನೊಂದು ಗೋಳಿತ್ತು. ಸೆಲ್ಫ್ ಬಡವಾಗಿ ತಿರುಗಿದ ಬೆಳಿಗ್ಗೆಗಳಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಸ್ಟೀರಿಂಗಿನ ದೀಪ, ಬ್ರೇಕಿನ ಎ.ಬಿ.ಎಸ್. ದೀಪ, ಎಂಜಿನ್ ದೀಪ ಎಲ್ಲವೂ ಒಟ್ಟಿಗೆ ಉರಿಯುತ್ತಿದ್ದವು. ಕೆಲವು ಮೈಲಿ ಓಡಿದ ಮೇಲೆ ತಾವಾಗಿ ಆರುತ್ತಿದ್ದವು. ಇದನ್ನು ಕಂಡವರೊಬ್ಬರು ಸ್ಟೀರಿಂಗಿನ ಯಂತ್ರವನ್ನೇ ಬದಲಿಸಬೇಕೆಂದು ಮಾವನವರಿಗೆ ಹೇಳಿಯೂ ಇದ್ದರು.

ಇದಕ್ಕೆ ಕಾರಣವೂ ಅದೇ ಬರಿದಾದ ಕಣಜ. ಸ್ಟೀರಿಂಗು, ಬ್ರೇಕು, ಎಂಜಿನ್ನುಗಳಿಗೆ ಒಂದೊಂದು ನಿಯಂತ್ರಕ ಪೆಟ್ಟಿಗೆಯಿರುತ್ತದೆ. ಸೆಲ್ಫ್ ತಿರುಗುವಾಗ ಬಲಹೀನ ಬ್ಯಾಟರಿಯ ವೋಲ್ಟೇಜು ಒಂಬತ್ತಕ್ಕೋ ಎಂಟಕ್ಕೋ ಕುಸಿದರೆ ಈ ಪೆಟ್ಟಿಗೆಗಳು ಕ್ಷಣಕಾಲ ಪ್ರಜ್ಞೆ ತಪ್ಪುತ್ತವೆ. ಎಚ್ಚೆತ್ತ ಮೇಲೆ ‘ನನಗೆ ವೋಲ್ಟೇಜು ಸಾಲಲಿಲ್ಲ’, ‘ಪಕ್ಕದವನ ಮಾತು ಕೇಳಿಸಲಿಲ್ಲ’ ಎಂದು ಬರೆದಿಟ್ಟು ದೀಪ ಹಚ್ಚುತ್ತವೆ. ಆದುದರಿಂದ ಸಂಬಂಧವಿಲ್ಲದ ಹಲವು ದೀಪಗಳು, ಬಡ ಸೆಲ್ಫಿನ ಬೆಳಿಗ್ಗೆ, ಒಟ್ಟಿಗೆ ಹೊತ್ತಿ, ಓಡಿದ ಮೇಲೆ ಆರಿದರೆ ಮೊದಲು ಬ್ಯಾಟರಿಯನ್ನು ಅಳೆಯಬೇಕು. ದುಬಾರಿ ಭಾಗಗಳ ಮಾತು ಆಮೇಲೆ.

ಇದಕ್ಕೆ ವಿರುದ್ಧವಾಗಿ, ಒಂದೇ ದೀಪವು ಸೆಟ್ಟೋ ಅಲಾರಮೋ ಕೂಡಿಸಿದ ದಿನದಿಂದ ಬಿಡದೆ ಉರಿಯುತ್ತಿದ್ದರೆ ಬೇರೆ ಜಾಡು ಹಿಡಿಯಬೇಕು. ಕೂಡಿಸಿದವರು ಯಾವುದೋ ತಂತಿಯನ್ನು ಸುಲಿದು ಕವಲು ತೆಗೆದಿರುತ್ತಾರೆ. ನಿಯಂತ್ರಕಗಳು ಪರಸ್ಪರ ಮಾತನಾಡುವ ಹುರಿಮಾಡಿದ ಜೋಡಿ ತಂತಿಗಳಿರುತ್ತವೆ. ಕ್ಯಾನ್ ಎಂದು ಇದಕ್ಕೆ ಹೆಸರು. ಇವುಗಳಲ್ಲಿ ವಿದ್ಯುತ್ತು ಇದೆಯೇ ಎಂದು ಬಲ್ಬಿನ ಟೆಸ್ಟ್ ಲ್ಯಾಂಪಿನಿಂದ ಚುಚ್ಚಿ ನೋಡಿದರೂ ಮಾತುಕತೆ ಕೆಡುತ್ತದೆ. ಏರ್‌ಬ್ಯಾಗಿನ ದೀಪ ಬಿಡದೆ ಉರಿಯುತ್ತಿದ್ದರೆ, ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರುವ ಅದರ ಪ್ಲಗ್ಗುಗಳು ಕೆಲಸದ ನಡುವೆ ಕದಲಿರಬಹುದು. ಆ ತಂತಿಗಳಿಗೆ ಮೀಟರನ್ನಾಗಲಿ ದೀಪವನ್ನಾಗಲಿ ಮುಟ್ಟಿಸಕೂಡದು. ಚೀಲ ಸಿಡಿದು ಪ್ರಾಣಕ್ಕೆ ಅಪಾಯವಾದೀತು. ಅದನ್ನು ತರಬೇತಾದವರಿಗೇ ಬಿಡಬೇಕು.

ದುರಸ್ತಿ ಮತ್ತು ಫಲ

ಮಾವನವರ ಗಾಡಿಯ ದುರಸ್ತಿಗೆ ಹಿಡಿದ ಸಮಯ ಎರಡು ಗಂಟೆ. ಹಳದಿ ತಂತಿಯನ್ನು ಅದರ ಜಾಗದಲ್ಲಿಯೇ ಬಿಟ್ಟು, ಕೆಂಪನ್ನು ಬಿಡಿಸಿ, ಕೀಯ ಮೊದಲ ತಿರುವಿನಲ್ಲಿ 12 ವೋಲ್ಟ್, ಕೀ ತೆಗೆದಾಗ ಸೊನ್ನೆ ತೋರಿಸುವ ತಂತಿಗೆ ಬೆಸುಗೆ ಹಾಕಿದರು. ರಿಲೇಯ 86ನ್ನೂ ಕೀಗೆ ಅಧೀನವಾದ ತಂತಿಗೆ ಬದಲಿಸಿದರು. ಅಲಾರಮ್ಮಿನ ತಂತಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಹಾಕಿದರು. ಅದಿಲ್ಲದಿದ್ದಾಗ ಆ ತಂತಿಯ ಹೊದಿಕೆ ಎಲ್ಲಿಯಾದರೂ ಸವೆದು ಮೈಗೆ ತಗುಲಿದ್ದರೆ ಬ್ಯಾಟರಿ ಬರಿದಾಗುವುದಲ್ಲ, ಗಾಡಿಗೇ ಬೆಂಕಿ ಹತ್ತುತ್ತಿತ್ತು.

ಮತ್ತೆ ಅರ್ಧ ಗಂಟೆ ಕಾದು ಅಳೆದಾಗ ಮೀಟರು 0.05 ತೋರಿಸಿತು. 33 ಗಂಟೆಗೆ ಈಗಿನ ಖರ್ಚು ಒಂದೂಮುಕ್ಕಾಲು ಆಂಪಿಯರ್-ಗಂಟೆಗೂ ಕಡಿಮೆ. ಮೇಸ್ತ್ರಿಯವರು ಮೀಟರನ್ನು ಮಾವನವರ ಮುಂದೆ ಹಿಡಿದು, “ಯಜಮಾನ್ರೇ, ನಿಮ್ಮ ಹುಡುಗ ದೀಪ ಆರಿಸದೆ ಹೋಗಿದ್ದಿದ್ರೆ ಒಂದೇ ರಾತ್ರಿಗೆ ಬ್ಯಾಟರಿ ನೆಲ ಕಚ್ಚಿರೋದು. ಪ್ರತಿ ಸೋಮವಾರ ಕಚ್ತಿತ್ತು ಅಂದ್ರೆ ಅದು ದೀಪದ ಕೆಲಸ ಅಲ್ಲ” ಎಂದರು. ಅವರ ಮಾತು ಲೆಕ್ಕಕ್ಕೂ ಸರಿ. ಹೆಡ್‌ಲೈಟುಗಳೆರಡೂ ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ನಾಲ್ಕು ಗಂಟೆಗೆ ಬ್ಯಾಟರಿ ಖಾಲಿ. ಮಾವನವರು ಏನೂ ಹೇಳಲಿಲ್ಲ. ಆದರೆ ಆ ತಿಂಗಳ ಸಂಬಳದೊಡನೆ ಹಿಡಿದಿದ್ದ ನಾಲ್ಕು ಸಾವಿರವನ್ನೂ ಹುಡುಗನ ಕೈಗೆ ಕೊಟ್ಟರು.

ಈ ಪರೀಕ್ಷೆಗೂ ಮಿತಿಯಿದೆಯೆಂಬುದನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಒಂದೇ ಸಮನೆ ಹರಿಯುವ ಸೋರಿಕೆಯನ್ನು ಮಾತ್ರ ಅದು ಹಿಡಿಯುತ್ತದೆ. ಹೆದ್ದಾರಿಯ ಬದಿಯಲ್ಲಿ ನಿಂತ ಗಾಡಿಯ ಅಲಾರಂ ಪ್ರತಿ ಲಾರಿಯ ಅದುರಿಗೂ ಎಚ್ಚೆತ್ತು ಮಲಗುತ್ತಿದ್ದರೆ, ಹಗಲು ಅಂಗಡಿಯಲ್ಲಿ ಅರ್ಧ ಗಂಟೆ ಅಳೆದರೆ ಅದು ಕಾಣದು. ರಾತ್ರಿಯೆಲ್ಲ ಬರೆದಿಡುವ ಮೀಟರು ಬೇಕಾಗುತ್ತದೆ. ವಿದ್ಯುತ್ತಿನಿಂದಲೇ ಓಡುವ ಅಥವಾ ಎರಡು ಬಗೆಯ ಶಕ್ತಿಯಿಂದ ಓಡುವ ಗಾಡಿಗಳಲ್ಲಿ ಪ್ರಾಣಾಂತಕವಾದ ವೋಲ್ಟೇಜು ಇರುವುದರಿಂದ ಅವುಗಳಿಗೆ ಯಾರೂ ತಾವಾಗಿ ಕೈಹಾಕಬಾರದು.

ನಮ್ಮ ಕಡೆಯವರು ಸೆಟ್ಟು ಕೊಳ್ಳುವಾಗ ಅದರ ಪರದೆ ಎಷ್ಟು ಅಗಲ, ಸದ್ದು ಎಷ್ಟು ದೂರ ಎಂದು ಕೇಳುತ್ತಾರೆ. ಅದರೊಡನೆ ಇನ್ನು ಮೂರು ಪ್ರಶ್ನೆಗಳನ್ನು ಕೇಳುವುದು ಮೇಲು. ಕೆಂಪು ತಂತಿಯನ್ನು ಎಲ್ಲಿಗೆ ಸೇರಿಸಿದಿರಿ? ರಿಲೇಯ ಸುರುಳಿಗೆ ವಿದ್ಯುತ್ತು ಎಲ್ಲಿಂದ? ನಿಂತ ಗಾಡಿಯಲ್ಲಿ ಮೀಟರು ಎಷ್ಟು ತೋರಿಸುತ್ತದೆ? ಮೊದಲೆರಡಕ್ಕೆ ‘ಕೀ ತಂತಿಗೆ’ ಎಂಬ ಉತ್ತರ ಬರಬೇಕು. ಮೂರನೆಯದಕ್ಕೆ ಮಾತಿನ ಉತ್ತರ ಸಾಲದು. ಅರ್ಧ ಗಂಟೆ ಕಾದು, ಅಂಕಿಯನ್ನು ಕಣ್ಣಾರೆ ನೋಡಿ, ಆಮೇಲೆ ಹಣ ಕೊಡಬೇಕು.